ಓರೆ ಜೋಡಣೆಯ ನೆಲಕ್ಕೆ ಟೈಲ್ಸ್ ಎಷ್ಟು, ಅಡಿಯ ಗಾರೆ ಎಷ್ಟು: 18 x 12 ಅಡಿ ಹಾಲ್‌ನ ಪೂರ್ತಿ ಲೆಕ್ಕ

ಪ್ರಶ್ನೆ: ತುಮಕೂರಿನ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಹಾಲ್ 18 ಅಡಿ ಉದ್ದ, 12 ಅಡಿ ಅಗಲ ಇದೆ. ಎರಡಡಿಗೆ ಎರಡಡಿಯ ವಿಟ್ರಿಫೈಡ್ ಟೈಲ್ಸ್ ಅನ್ನು ಡೈಮಂಡ್ ಆಗಿ ಹಾಕಿಸಬೇಕು ಅಂತ ಆಸೆ. ಅಂಗಡಿಯವರು 54 ಟೈಲ್ಸ್‌ಗೆ ಶೇ. 5 ಸೇರಿಸಿ 15 ಬಾಕ್ಸ್ ಸಾಕು ಅನ್ನುತ್ತಾರೆ, ಮೇಸ್ತ್ರಿ ಶೇ. 20 ಜಾಸ್ತಿ ತನ್ನಿ ಅನ್ನುತ್ತಾರೆ. ಸ್ಕರ್ಟಿಂಗ್ ಕೂಡ ಅದೇ ಟೈಲ್ಸ್‌ನಲ್ಲಿ. ಯಾರ ಮಾತು ಸರಿ? ಕೆಳಗಿನ ಗಾರೆಗೆ ಸಿಮೆಂಟು, ಮರಳು ಎಷ್ಟು ತರಿಸಬೇಕು?

ಉತ್ತರ: ನಿಮ್ಮ ಹಾಲ್‌ಗೆ 18 ಬಾಕ್ಸ್, ಅಂದರೆ 72 ಟೈಲ್ಸ್ ತರಿಸಿ. ಗಾರೆಗೆ 8 ಚೀಲ ಸಿಮೆಂಟು ಮತ್ತು ಸುಮಾರು 45 ಘನ ಅಡಿ ಎಂ ಸ್ಯಾಂಡ್ ಬೇಕಾಗುತ್ತದೆ. ಮೇಸ್ತ್ರಿಯವರ ಮಾತು ಸತ್ಯಕ್ಕೆ ಹತ್ತಿರವಿದೆ. ಆದರೆ ಶೇಕಡಾವಾರು ಹೇಳುವುದರಿಂದ ಓರೆ ಜೋಡಣೆಯಲ್ಲಿ ನಿಜವಾಗಿ ಎಲ್ಲಿ ನಷ್ಟವಾಗುತ್ತದೆ ಎಂಬುದು ತಿಳಿಯುವುದಿಲ್ಲವಾದ್ದರಿಂದ, ಲೆಕ್ಕವನ್ನು ಮೊದಲಿನಿಂದ ಬಿಡಿಸಿ ಹೇಳುತ್ತೇನೆ.

ಮೊದಲನೆಯದಾಗಿ, 54 ಎಂಬ ಸಂಖ್ಯೆಯೇ ತಪ್ಪು. 216 ಚದರಡಿಯನ್ನು 4ರಿಂದ ಭಾಗಿಸಿದಾಗ ಅದು ಬರುತ್ತದೆ, ನಿಜ. ಆದರೆ ಅಂಗಡಿಯಲ್ಲಿ ಎರಡಡಿ ಎಂದು ಕರೆಯುವ ಟೈಲ್ಸ್ 600 ಮಿ.ಮೀ. ಇರುತ್ತದೆ, ಎರಡಡಿ ಎಂದರೆ ಸುಮಾರು 610 ಮಿ.ಮೀ. ಆದ್ದರಿಂದ ಒಂದು ಟೈಲ್ಸ್ ಮುಚ್ಚುವುದು 4 ಚದರಡಿಯನ್ನಲ್ಲ, 3.875 ಚದರಡಿಯನ್ನು. ಬಾಕ್ಸ್‌ನ ಮೇಲೆ ನಾಲ್ಕು ಟೈಲ್ಸ್‌ಗೆ 1.44 ಚದರ ಮೀಟರ್ ಅಥವಾ 15.5 ಚದರಡಿ ಎಂದು ಅಚ್ಚಾಗಿರುವುದು ಇದೇ ಕಾರಣಕ್ಕೆ. ಟೈಲ್ಸ್ ನಡುವೆ 3 ಮಿ.ಮೀ. ಸಂದು ಬಿಟ್ಟರೂ ನಿಮ್ಮ ನೆಲದ ವಿಸ್ತೀರ್ಣಕ್ಕೆ 55ಕ್ಕಿಂತ ಸ್ವಲ್ಪ ಹೆಚ್ಚು ಟೈಲ್ಸ್ ಬೇಕು, ಅಂದರೆ 56. ಗೋಡೆಗೆ ಸಮಾನಾಂತರವಾಗಿ ನೇರ ಜೋಡಣೆ ಮಾಡಿಸಿದ್ದರೂ ಉದ್ದಕ್ಕೆ ಒಂಬತ್ತು, ಅಗಲಕ್ಕೆ ಆರು ಟೈಲ್ಸ್ ಕೂತ ಮೇಲೆ ಒಂದು ಕಡೆ ಸುಮಾರು 59 ಮಿ.ಮೀ., ಇನ್ನೊಂದು ಕಡೆ ಸುಮಾರು 40 ಮಿ.ಮೀ. ಪಟ್ಟಿ ಖಾಲಿ ಉಳಿಯುತ್ತಿತ್ತು.

ಈಗ ಓರೆ ಜೋಡಣೆಗೆ ಬರೋಣ. ಇದರಲ್ಲಿ ವಿಸ್ತೀರ್ಣದ ಲೆಕ್ಕಕ್ಕಿಂತ ತುಂಡುಗಳ ಲೆಕ್ಕ ಮುಖ್ಯ, ಆದ್ದರಿಂದ ಚೌಕಳಿ ಕಾಗದದ ಮೇಲೆ ಒಮ್ಮೆ ಚಿತ್ರ ಬರೆದೇ ಎಣಿಸಬೇಕು. 600 ಮಿ.ಮೀ. ಟೈಲ್ಸ್ ಅನ್ನು ಮೂಲೆಯ ಮೇಲೆ ನಿಲ್ಲಿಸಿದಾಗ ಒಂದು ಮೂಲೆಯಿಂದ ಎದುರು ಮೂಲೆಗೆ, ಸಂದನ್ನೂ ಸೇರಿಸಿ, 853 ಮಿ.ಮೀ. ಆಗುತ್ತದೆ. ಅದರ ಅರ್ಧ, ಅಂದರೆ 426 ಮಿ.ಮೀ., ನಿಮ್ಮ ಅಳತೆಗೋಲು. ಏಕೆಂದರೆ ಓರೆ ಜೋಡಣೆಯಲ್ಲಿ ಪ್ರತಿ 426 ಮಿ.ಮೀ.ಗೆ ಒಂದು ಸಾಲಿನ ನಡುಗೆರೆ ಬರುತ್ತದೆ, ಮತ್ತು ಅಕ್ಕಪಕ್ಕದ ಸಾಲುಗಳು ಒಂದರ ಸಂದಿನಲ್ಲಿ ಒಂದು ಹೊಕ್ಕಂತೆ ಕೂರುತ್ತವೆ.

ಹಾಲ್‌ನ ನಟ್ಟನಡುವೆ ಒಂದು ಟೈಲ್ಸ್‌ನ ಮಧ್ಯಬಿಂದು ಬರುವಂತೆ ಶುರುಮಾಡಿದೆವು ಎಂದುಕೊಳ್ಳಿ. ನಡುವಿನಿಂದ ಉದ್ದದ ಗೋಡೆಗೆ 6 ಅಡಿ, ಅಂದರೆ 1829 ಮಿ.ಮೀ. ದೂರ. ನಾಲ್ಕನೆಯ ನಡುಗೆರೆ 1706 ಮಿ.ಮೀ.ಗೆ ಬರುತ್ತದೆ, ಅದರಾಚೆ ಗೋಡೆಗೆ ಉಳಿಯುವುದು 123 ಮಿ.ಮೀ. ಮಾತ್ರ. ಆದ್ದರಿಂದ ಆ ಸಾಲಿನ ಟೈಲ್ಸ್ ಅನ್ನು ನಡುಗೆರೆಯಿಂದ 123 ಮಿ.ಮೀ. ಆಚೆ ಕತ್ತರಿಸಬೇಕು, ಮತ್ತು ಅವುಗಳ ನಡುವೆ ಗೋಡೆಗೆ ತಾಗಿ ಉಳಿಯುವ ಸಣ್ಣ ಸಣ್ಣ ತ್ರಿಕೋನಗಳನ್ನು ಬೇರೆ ತುಂಡುಗಳಿಂದ ತುಂಬಬೇಕು. ಅಗಲದ ಗೋಡೆಯ ಕಡೆಗೂ ಇದೇ ಕ್ರಮ: 2743 ಮಿ.ಮೀ. ದೂರದಲ್ಲಿ ಆರನೆಯ ನಡುಗೆರೆ 2558ಕ್ಕೆ ಬಂದು, ಉಳಿಯುವುದು 185 ಮಿ.ಮೀ.

ಹೀಗೆ ಬರೆದು ಎಣಿಸಿದಾಗ ಕತ್ತರಿಸದ ಪೂರ್ಣ ಟೈಲ್ಸ್ 39 ಆಗುತ್ತವೆ. ಎರಡು ಉದ್ದದ ಗೋಡೆಗಳ ಬಳಿ ತಲಾ 5, ಎರಡು ಅಗಲದ ಗೋಡೆಗಳ ಬಳಿ ತಲಾ 3, ನಾಲ್ಕು ಮೂಲೆಗಳಲ್ಲಿ ಒಂದೊಂದು, ಹೀಗೆ ಅರ್ಧಕ್ಕಿಂತ ದೊಡ್ಡದಾದ ತುಂಡುಗಳು 20. ಇನ್ನು ಸಣ್ಣ ತ್ರಿಕೋನಗಳು ಉದ್ದದ ಗೋಡೆಗೆ ತಲಾ 6, ಅಗಲದ ಗೋಡೆಗೆ ತಲಾ 4, ಒಟ್ಟು 20. ನೆಲದಲ್ಲಿ ಕೂರುವ ತುಂಡುಗಳ ಒಟ್ಟು ಸಂಖ್ಯೆ 79.

ಇಲ್ಲಿಯೇ ಇಡೀ ಲೆಕ್ಕದ ಗುಟ್ಟಿದೆ. ಪ್ರತಿ ತುಂಡಿಗೂ ಒಂದು ಹೊಸ ಟೈಲ್ಸ್ ಕತ್ತರಿಸಿದರೆ 79 ಟೈಲ್ಸ್ ಬೇಕು, ಅಂದರೆ ವಿಸ್ತೀರ್ಣಕ್ಕೆ ಬೇಕಾದದ್ದಕ್ಕಿಂತ ಶೇ. 40ಕ್ಕೂ ಹೆಚ್ಚು. ಆದರೆ ದೊಡ್ಡ ತುಂಡನ್ನು ಕತ್ತರಿಸಿದಾಗ ಕೈಗೆ ಬರುವ ಚೂರನ್ನು ನೋಡಿ: ಅದು ಒಂದು ಮೂಲೆ, ಅದರ ಎರಡು ಬದಿಗಳು ಕಾರ್ಖಾನೆಯಿಂದ ಬಂದ ನೇರ ಅಂಚುಗಳು, ಮೂರನೆಯದು ನಾವು ಕತ್ತರಿಸಿದ ಅಂಚು. ಗೋಡೆಯ ಸಣ್ಣ ತ್ರಿಕೋನಕ್ಕೆ ಬೇಕಾದದ್ದೂ ಇಂಥದ್ದೇ. ಉದ್ದದ ಗೋಡೆಯ ಬಳಿ ಉಳಿಯುವ ಚೂರು ಸುಮಾರು 300 ಮಿ.ಮೀ. ಆಳವಿರುತ್ತದೆ, ಬೇಕಾದದ್ದು 120 ಮಿ.ಮೀ. ಆಳದ್ದು. ಅಗಲದ ಗೋಡೆಯ ಬಳಿ ಉಳಿಯುವುದು ಸುಮಾರು 240, ಬೇಕಾದದ್ದು 180. ಚೂರನ್ನು ತಿರುಗಿಸಿ, ಕತ್ತರಿಸಿದ ಅಂಚು ಗೋಡೆಯ ಕಡೆಗೆ ಬರುವಂತೆ ಇನ್ನಷ್ಟು ಕತ್ತರಿಸಿದರೆ ಅದೇ ಸರಿಯಾಗಿ ಕೂರುತ್ತದೆ. ಮೂಲೆಯ ಟೈಲ್ಸ್‌ಗಳಿಂದ ಬರುವ ಚೂರುಗಳನ್ನೂ ಸೇರಿಸಿದರೆ 20 ತ್ರಿಕೋನಗಳೂ ಹೊಸ ಟೈಲ್ಸ್ ಮುಟ್ಟದೆ ಸಿಗುತ್ತವೆ. ಆಗ ಬೇಕಾಗುವುದು 39 ಮತ್ತು 20, ಒಟ್ಟು 59 ಟೈಲ್ಸ್ ಮಾತ್ರ. ಅಂದರೆ 59ಕ್ಕೂ 79ಕ್ಕೂ ನಡುವಿನ 20 ಟೈಲ್ಸ್, ಐದು ಬಾಕ್ಸ್, ಉಳಿಯುವುದೂ ಹೋಗುವುದೂ ಕತ್ತರಿಸಿದ ಚೂರುಗಳನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಮೇಲುಸ್ತುವಾರಿ ನೋಡುತ್ತಿದ್ದ ಒಂದು ಮನೆಯಲ್ಲಿ, ಮೊದಲ ದಿನ ಕತ್ತರಿಸಿದ ಚೂರುಗಳನ್ನೆಲ್ಲ ಕೆಲಸದ ಹುಡುಗ ಸಂಜೆ ಗುಡಿಸಿ ಹಿತ್ತಿಲ ಗುಂಡಿಗೆ ಸುರಿದುಬಿಟ್ಟಿದ್ದ. ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎರಡನೆಯ ದಿನ ಗೋಡೆಯಂಚಿಗೆ ಬಂದಾಗ ಒಂಬತ್ತು ಟೈಲ್ಸ್ ಕಡಿಮೆ ಬಿದ್ದವು. ಅದೇ ಮಾದರಿಯ ಹೊಸ ಬಾಕ್ಸ್ ತಂದಾಗ ಬ್ಯಾಚ್ ಬೇರೆಯಾಗಿತ್ತು. ಹಗಲು ಬೆಳಕಿನಲ್ಲಿ ಗೋಡೆಯುದ್ದಕ್ಕೂ ತುಸು ಹಳದಿಯಾದ ತ್ರಿಕೋನಗಳ ಸಾಲು ಇಂದಿಗೂ ಕಾಣುತ್ತದೆ. ಆದ್ದರಿಂದ ಕತ್ತರಿಸುವ ಜಾಗದಲ್ಲಿ ಎರಡು ಖಾಲಿ ಬಾಕ್ಸ್ ಇಡಿಸಿ, ಒಂದರ ಮೇಲೆ ಉದ್ದದ ಗೋಡೆ, ಇನ್ನೊಂದರ ಮೇಲೆ ಅಗಲದ ಗೋಡೆ ಎಂದು ಬರೆದು, ಪ್ರತಿ ಚೂರನ್ನೂ ಅದರಲ್ಲೇ ಹಾಕಲು ಮೊದಲ ದಿನವೇ ಹೇಳಿ.

ನೀವು ಆರಿಸಿದ ಟೈಲ್ಸ್‌ನಲ್ಲಿ ಅಮೃತಶಿಲೆಯಂಥ ಎಳೆಗಳಿದ್ದರೆ, ಚೂರನ್ನು ಅದೇ ಗೋಡೆಯಲ್ಲಿ ತಿರುಗಿಸಿ ಹಾಕಿದಾಗ ಎಳೆಗಳು ತಲೆಕೆಳಗಾಗುತ್ತವೆ. ಇಂಥ ಟೈಲ್ಸ್‌ಗಳ ಹಿಂಬದಿಯಲ್ಲಿ ಬಾಣದ ಗುರುತು ಇರುವುದುಂಟು, ಅದನ್ನು ಎಲ್ಲ ಟೈಲ್ಸ್‌ನಲ್ಲೂ ಒಂದೇ ಕಡೆಗೆ ಹಿಡಿಯಬೇಕು. ಇದಕ್ಕೂ ಹೆಚ್ಚುವರಿ ಟೈಲ್ಸ್ ಬೇಕಿಲ್ಲ. ಎಡಗೋಡೆಯಲ್ಲಿ ಕತ್ತರಿಸಿದ್ದು ಟೈಲ್ಸ್‌ನ ಎಡಮೂಲೆ, ಬಲಗೋಡೆಯ ತ್ರಿಕೋನಕ್ಕೆ ಬೇಕಾದದ್ದೂ ಎಡಮೂಲೆಯೇ. ಆದ್ದರಿಂದ ಚೂರುಗಳನ್ನು ತಿರುಗಿಸದೆ ಎದುರು ಗೋಡೆಗೆ ಒಯ್ದರೆ ಎಳೆಗಳ ದಿಕ್ಕು ತಾನಾಗಿಯೇ ಸರಿಹೋಗುತ್ತದೆ. ನಿಮ್ಮ ಹಾಲ್‌ನಲ್ಲಿ ಪ್ರತಿ ಗೋಡೆಯೂ ಎದುರು ಗೋಡೆಗೆ ಬೇಕಾಗುವಷ್ಟು ಚೂರುಗಳನ್ನು ಕೊಡುತ್ತದೆ, ಎಣಿಸಿ ನೋಡಿದ್ದೇನೆ. ಮೇಸ್ತ್ರಿಯವರು ನಡುವಿನಿಂದ ಬೇಡ, ಬಾಗಿಲ ಕಡೆಯ ಮೂಲೆಯಿಂದ ಅರ್ಧ ಟೈಲ್ಸ್ ಹಿಡಿದು ಶುರುಮಾಡುತ್ತೇನೆ ಎಂದರೂ ಚೂರುಗಳನ್ನು ಬಳಸಿಕೊಂಡರೆ ಲೆಕ್ಕ 59ಕ್ಕೇ ಬರುತ್ತದೆ. ಆದರೆ ಆಗ ಎದುರುಬದುರು ಗೋಡೆಗಳಲ್ಲಿ ತುಂಡುಗಳ ಅಳತೆ ಬೇರೆಬೇರೆಯಾಗಿ ಕಾಣುತ್ತದೆ, ಹಾಲ್‌ನಂಥ ತೆರೆದ ಜಾಗಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

59ರ ಮೇಲೆ ಸೇರಿಸಬೇಕಾದದ್ದು ಮೂರು ಬಾಬತ್ತು. ಕತ್ತರಿಸುವಾಗ ಅಂಚು ಚಕ್ಕೆ ಏಳುವುದು, ಸಾಗಣೆಯಲ್ಲಿ ಮೂಲೆ ಮುಕ್ಕಾಗುವುದು, ಇವಕ್ಕೆ 3 ಟೈಲ್ಸ್ ಇಡಿ. ಸ್ಕರ್ಟಿಂಗ್‌ಗೆ ಗೋಡೆಗಳ ಸುತ್ತಳತೆ 60 ಅಡಿಯಲ್ಲಿ ಬಾಗಿಲುಗಳಿಗೆಂದು 8 ಅಡಿ ಕಳೆದರೆ 52 ಅಡಿ ಉಳಿಯುತ್ತದೆ. ಒಂದು ಟೈಲ್ಸ್‌ನಿಂದ ಸುಮಾರು ನಾಲ್ಕಿಂಚು ಎತ್ತರದ ಆರು ಪಟ್ಟಿ ಬರುವುದರಿಂದ 27 ಪಟ್ಟಿಗೆ 5 ಟೈಲ್ಸ್ ಸಾಕು. ಅಲ್ಲಿಗೆ 67 ಆಯಿತು. 17 ಬಾಕ್ಸ್ ತಂದರೆ ಉಳಿಯುವುದು ಒಂದೇ ಟೈಲ್ಸ್. ಮುಂದೆ ಪೈಪ್ ಸೋರಿ ನೆಲ ಒಡೆಯಬೇಕಾಗಿ ಬಂದರೆ ಆ ಬ್ಯಾಚ್ ಮತ್ತೆ ಸಿಗುವುದಿಲ್ಲ, ಆದ್ದರಿಂದ 18ನೆಯ ಬಾಕ್ಸ್ ತಂದು ಐದು ಟೈಲ್ಸ್ ಎತ್ತಿಡಿ. ತರಿಸುವಾಗ 18 ಬಾಕ್ಸ್‌ಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವ ಮೊದಲೇ ನೋಡಿ.

ಈ ಲೆಕ್ಕ ನಿಲ್ಲುವುದು ಹಾಲ್ ಮೂಲೆಮಟ್ಟಕ್ಕೆ ಸರಿಯಾಗಿದ್ದರೆ ಮಾತ್ರ. ಟೇಪಿನಿಂದ ಹಾಲ್‌ನ ಎರಡೂ ಕರ್ಣಗಳನ್ನು, ಅಂದರೆ ಮೂಲೆಯಿಂದ ಎದುರು ಮೂಲೆಗೆ, ಅಳೆಯಿರಿ. 18 x 12 ಅಡಿಗೆ ಎರಡೂ ಸುಮಾರು 21 ಅಡಿ 7½ ಇಂಚು ಬರಬೇಕು. ಒಂದಕ್ಕೊಂದು ಅರ್ಧ ಇಂಚಿನ ವ್ಯತ್ಯಾಸವಿದ್ದರೆ ಸ್ಕರ್ಟಿಂಗ್ ಮುಚ್ಚಿಕೊಳ್ಳುತ್ತದೆ. ಎರಡು ಇಂಚಿನಷ್ಟಿದ್ದರೆ ಗೋಡೆಯುದ್ದಕ್ಕೂ ತ್ರಿಕೋನಗಳು ಒಂದು ಕಡೆ ದೊಡ್ಡದಾಗಿ, ಇನ್ನೊಂದು ಕಡೆ ಸಣ್ಣದಾಗುತ್ತಾ ಹೋಗುತ್ತವೆ, ಮತ್ತು ನಿಮ್ಮ 120 ಮಿ.ಮೀ. ತ್ರಿಕೋನ ಒಂದು ತುದಿಯಲ್ಲಿ 100ಕ್ಕಿಂತ ಕೆಳಗಿಳಿಯಬಹುದು. ಅಂಥ ಕಡೆ ಹಾಲ್‌ನ ನಡುಗೆರೆಯನ್ನು ಗೋಡೆಯಿಂದ ಅಳೆಯದೆ, ದಾರ ಕಟ್ಟಿ ಉದ್ದಕ್ಕೊಂದು ಅಗಲಕ್ಕೊಂದು ಎರಡು ನಡುಗೆರೆಗಳನ್ನು ಪರಸ್ಪರ ಲಂಬವಾಗಿ ಹಾಕಿಸಬೇಕು. 45 ಡಿಗ್ರಿಯ ಓರೆ ಗೆರೆಗೆ ಯಾವ ಸಲಕರಣೆಯೂ ಬೇಡ: ಎರಡು ನಡುಗೆರೆಗಳ ಮೇಲೂ ಸಂಧಿಯಿಂದ 4 ಅಡಿಗೆ ಗುರುತು ಹಾಕಿ ಆ ಎರಡು ಗುರುತುಗಳನ್ನು ಸೇರಿಸಿದರೆ ಅದೇ ಓರೆ ಗೆರೆ. ಆ ಗೆರೆಯ ಉದ್ದ 5 ಅಡಿ 8 ಇಂಚಿಗೆ ಸುಮಾರು 3 ಮಿ.ಮೀ.ನಷ್ಟು ಕಡಿಮೆ ಬಂದರೆ ನಿಮ್ಮ ನಡುಗೆರೆಗಳು ಲಂಬವಾಗಿವೆ ಎಂದರ್ಥ.

ಇನ್ನು ಅಡಿಯ ಗಾರೆ. ಎಲ್ಲರೂ ಎರಡು ಇಂಚು ಎಂದು ಹೇಳಿಬಿಡುತ್ತಾರೆ, ಆದರೆ ಸಿಮೆಂಟಿನ ಲೆಕ್ಕ ಪೂರ್ತಿ ನಿಲ್ಲುವುದು ಈ ದಪ್ಪದ ಮೇಲೆಯೇ ಆದ್ದರಿಂದ ಅಳೆದು ನೋಡುವುದು ಲೇಸು. ನೀರಿನ ಪೈಪ್ ಮಟ್ಟದಿಂದ ನಾಲ್ಕೂ ಗೋಡೆಗಳ ಮೇಲೆ ಮುಗಿದ ನೆಲದ ಗೆರೆ ಎಳೆಸಿ, ಅದಕ್ಕೆ ದಾರ ಕಟ್ಟಿ, ಮೂರು ಮೂರರಂತೆ ಒಂಬತ್ತು ಕಡೆ ದಾರದಿಂದ ಕಾಂಕ್ರೀಟಿಗೆ ಆಳ ಅಳೆಯಿರಿ. ಉದಾಹರಣೆಗೆ 50, 55, 58, 52, 60, 64, 57, 62, 70 ಮಿ.ಮೀ. ಬಂದವು ಎನ್ನಿ. ಸರಾಸರಿ ಸುಮಾರು 59. ಟೈಲ್ಸ್‌ನ ದಪ್ಪ 9 ರಿಂದ 10 ಮಿ.ಮೀ. ಕಳೆದರೆ ಗಾರೆಯ ಸರಾಸರಿ ದಪ್ಪ 50 ಮಿ.ಮೀ. ಎಂದು ಹಿಡಿಯಬಹುದು. ತೀರಾ ಎತ್ತರದ ಕಡೆಯಲ್ಲೂ 40 ಮಿ.ಮೀ. ಉಳಿಯುತ್ತದೆ, ಅದು ಒಳ್ಳೆಯದು. ಎಲ್ಲಾದರೂ 20 ಮಿ.ಮೀ.ಗಿಂತ ಕಡಿಮೆ ಬಂದರೆ ಅಲ್ಲಿ ಕಾಂಕ್ರೀಟನ್ನು ಕೆತ್ತಿಸಬೇಕು, ಏಕೆಂದರೆ ಅಷ್ಟು ತೆಳುವಾದ ಅರೆಒಣ ಗಾರೆ ಗಟ್ಟಿಯಾಗದೆ ಪುಡಿಯಾಗುತ್ತದೆ.

ನಿಮ್ಮ ನೆಲ 20.07 ಚದರ ಮೀಟರ್. 50 ಮಿ.ಮೀ. ದಪ್ಪಕ್ಕೆ ಗಾರೆ ಒಂದು ಘನ ಮೀಟರ್ ಆಯಿತು. ಕಲಸಿ ತಟ್ಟಿದಾಗ ಮರಳಿನ ನಡುವಿನ ಸಂದುಗಳಲ್ಲಿ ಸಿಮೆಂಟು ಹೊಕ್ಕು ಒಟ್ಟು ಪ್ರಮಾಣ ಇಳಿಯುವುದರಿಂದ ಒಣ ಸಾಮಾನು ಸುಮಾರು ಮೂರನೇ ಒಂದು ಭಾಗ ಹೆಚ್ಚು, ಅಂದರೆ 1.33 ಘನ ಮೀಟರ್ ಬೇಕು. ಒಂದಕ್ಕೆ ಆರರ ಮಿಶ್ರಣದಲ್ಲಿ ಇದರ ಏಳನೇ ಒಂದು ಭಾಗ ಸಿಮೆಂಟು, 0.19 ಘನ ಮೀಟರ್. 50 ಕೆ.ಜಿ. ಚೀಲದ ಗಾತ್ರ ಸುಮಾರು ಒಂದೂಕಾಲು ಘನ ಅಡಿ ಇರುವುದರಿಂದ ಇದು ಐದೂವರೆ ಚೀಲ. ಉಳಿದ 1.14 ಘನ ಮೀಟರ್, ಅಂದರೆ 40 ಘನ ಅಡಿ, ಮರಳು. ತೇವವಿರುವ ಮರಳು ಉಬ್ಬಿಕೊಂಡು ಅಳತೆಯಲ್ಲಿ ಹೆಚ್ಚು ತೋರಿಸುತ್ತದೆ, ನೆಲದ ಮೇಲೆ ಚೆಲ್ಲಿ ಹೋಗುವುದೂ ಇರುತ್ತದೆ, ಆದ್ದರಿಂದ 45 ಎಂದೆ. ಅದರ ಮೇಲೆ, ಟೈಲ್ಸ್ ಕೂರಿಸುವ ಮೊದಲು ಗಾರೆಗೆ ಸುರಿಯುವ ನೀರು ಕಲಸಿದ ಸಿಮೆಂಟಿಗೆ, ಅಂದರೆ ಸಿಮೆಂಟಿನ ಹಾಲಿಗೆ, ಚದರ ಮೀಟರಿಗೆ 3.3 ಕೆ.ಜಿ.ಯಂತೆ 66 ಕೆ.ಜಿ., ಮತ್ತು ಗಾರೆ ಹರಡುವ ಮೊದಲು ಹಳೆಯ ಕಾಂಕ್ರೀಟಿಗೆ ಬಳಿಯಲು ಅರ್ಧ ಚೀಲ ಬೇಕು. ಎಲ್ಲ ಕೂಡಿ ಏಳೂವರೆ ಚೀಲ ದಾಟುವುದಿಲ್ಲ, 8 ತರಿಸಿ. ನೀವು ಅಳೆದಾಗ ದಪ್ಪ ಬೇರೆ ಬಂದರೆ, ಪ್ರತಿ 10 ಮಿ.ಮೀ. ಹೆಚ್ಚು ಕಡಿಮೆಗೆ ಈ ಹಾಲ್‌ನಲ್ಲಿ ಸಿಮೆಂಟು ಒಂದು ಚೀಲಕ್ಕಿಂತ ತುಸು ಹೆಚ್ಚು, ಮರಳು 8 ಘನ ಅಡಿ ಬದಲಾಗುತ್ತದೆ ಎಂದು ಇಟ್ಟುಕೊಳ್ಳಿ.

ಗಾರೆಯ ಹದ ನೋಡಲು ಒಂದು ಮುಷ್ಟಿ ತೆಗೆದು ಒತ್ತಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಒಸರಬಾರದು. ನೀರು ಹೆಚ್ಚಾದರೆ ರಾತ್ರಿ ಕಳೆಯುವಷ್ಟರಲ್ಲಿ ಟೈಲ್ಸ್ ಕುಸಿದು, ಬೆಳಿಗ್ಗೆ ಅಂಚುಗಳು ಮೇಲೆ ಕೆಳಗೆ ಆಗಿರುತ್ತವೆ. ಒಂದೇ ಸಲಕ್ಕೆ ಇಡೀ ಹಾಲ್‌ಗೆ ಕಲಸಿಡುವುದು ಬೇಡ, ಒಂದು ಚೀಲದ ಗಾರೆ ಮುಗಿದ ಮೇಲೆ ಇನ್ನೊಂದು ಕಲಸಲಿ.

ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ, ಆದ್ದರಿಂದ ಬರಿಯ ಸಿಮೆಂಟಿನ ಹಾಲು ಅದರ ಬೆನ್ನನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ದೊಡ್ಡ ಟೈಲ್ಸ್ ತನ್ನ ಭಾರದಿಂದಲೇ ಕುಳಿತಿರುತ್ತದೆ, ಮೊದಲು ಸಡಿಲವಾಗುವುದು ಗೋಡೆಯಂಚಿನ ಆ ಸಣ್ಣ ತ್ರಿಕೋನಗಳು. ಅವುಗಳ ಕೆಳಗಿನ ಗಾರೆಯನ್ನು ಗೋಡೆಯ ಮೂಲೆಗೆ ತಾಗುವಂತೆ ತಟ್ಟಲು ಮಟ್ಟಗೋಲು ಹೋಗುವುದಿಲ್ಲ, ಕರಣೆಯ ತುದಿಯಿಂದ ಒತ್ತಿಯೇ ತುಂಬಬೇಕು. ಹಣ ಹೊಂದಿಸಲಾದರೆ ಗಾರೆಯನ್ನು ಮೊದಲು ಮಟ್ಟವಾಗಿ ಹಾಕಿಸಿ, ಒಂದು ವಾರ ನೀರುಣಿಸಿ, ಆಮೇಲೆ ಟೈಲ್ಸ್ ಅಂಟಿನಿಂದ ಹಚ್ಚಿಸಿ. 3 ಮಿ.ಮೀ. ದಪ್ಪಕ್ಕೆ 20 ಕೆ.ಜಿ.ಯ ಒಂದು ಚೀಲ ಸುಮಾರು 50 ಚದರಡಿ ಬರುತ್ತದೆ, ನಿಮಗೆ 5 ಚೀಲ ಬೇಕು. ಆಗ ಗಾರೆಯ ದಪ್ಪದಿಂದ ಅಂಟಿನ 3 ಮಿ.ಮೀ. ಕಳೆಯಿರಿ, ಸಿಮೆಂಟಿನ ಹಾಲಿನ ಒಂದೂಕಾಲು ಚೀಲವೂ ಉಳಿಯುತ್ತದೆ. ಅದು ಆಗದಿದ್ದರೆ ಒಂದೇ ಒಂದು ಚೀಲ ಅಂಟನ್ನಾದರೂ ತರಿಸಿ, ಆ 20 ತ್ರಿಕೋನಗಳ ಮತ್ತು ಅವುಗಳ ಪಕ್ಕದ ದೊಡ್ಡ ತುಂಡುಗಳ ಬೆನ್ನಿಗೆ ತೆಳುವಾಗಿ ಬಳಿಸಿ. ಹಾಕಿದ ಮೂರನೆಯ ದಿನ, ಸಂದುಗಳಿಗೆ ಗ್ರೌಟ್ ತುಂಬುವ ಮೊದಲು, ಗೋಡೆಯ ಸುತ್ತ ಕುಕ್ಕರಗಾಲಿನಲ್ಲಿ ಕೂತು ಪ್ರತಿ ತ್ರಿಕೋನವನ್ನೂ ಒಂದು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಅಂದೇ ಎಬ್ಬಿಸಿ ಮತ್ತೆ ಕೂರಿಸಬಹುದು. ಗ್ರೌಟ್ ಗಟ್ಟಿಯಾದ ಮೇಲೆ ಎಬ್ಬಿಸಲು ಹೋದರೆ ಪಕ್ಕದ ಪೂರ್ಣ ಟೈಲ್ಸ್‌ನ ಅಂಚೂ ಮುಕ್ಕಾಗುತ್ತದೆ.